ಫೈಲನ್ನು ಹಿಡಿದವರಾರು? ವಿಂಡೋಸ್ ಹೇಳುವ ಒಂದು ಮಾತಿನ ಅರ್ಥ



ಕಿರುಪ್ರಬಂಧಗಳನ್ನು ಒಪ್ಪಿಸುವ ವಾರ ಬಂತೆಂದರೆ ನಮ್ಮ ಕಾಲೇಜಿನ ಗಣಕಯಂತ್ರ ಕೊಠಡಿಯಲ್ಲಿ ಒಂದೇ ಬಗೆಯ ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಪ್ರಬಂಧದ ಫೈಲಿಗೆ ಕೊನೆಯ ಹೆಸರು ಕೊಡಬೇಕೆಂದೋ, ಅದನ್ನು ಪೆನ್‌ಡ್ರೈವಿಗೆ ಸಾಗಿಸಬೇಕೆಂದೋ ಹೊರಟಾಗ ಪರದೆಯ ನಡುವೆ ಒಂದು ಚಿಕ್ಕ ಚೌಕ ಮೂಡುತ್ತದೆ. ಅದರ ತಲೆಬರಹ File In Use. ಅದರ ಕೆಳಗೆ ಹೀಗಿರುತ್ತದೆ:

```
The action can't be completed because the file
is open in another program
```

ಈ ಫೈಲು ಬೇರೊಂದು ಪ್ರೋಗ್ರಾಮ್‌ನಲ್ಲಿ ತೆರೆದಿರುವುದರಿಂದ ನೀವು ಹೇಳಿದ ಕೆಲಸ ಆಗದು ಎಂಬುದು ಇದರ ತಾತ್ಪರ್ಯ. ಯಾವ ಪ್ರೋಗ್ರಾಮ್ ಎಂಬುದನ್ನು ಕೆಲವೊಮ್ಮೆ ವಿಂಡೋಸ್ ಹೆಸರಿಟ್ಟು ಹೇಳುತ್ತದೆ. ಹಲವು ಸಲ ಹೇಳುವುದಿಲ್ಲ. ಹೇಳದೆ ಬಿಟ್ಟಾಗಲೇ ನಮ್ಮ ವಿದ್ಯಾರ್ಥಿಗಳು ತಾಳ್ಮೆ ಕಳೆದುಕೊಂಡು ಯಂತ್ರವನ್ನು ಒತ್ತಾಯದಿಂದ ಆರಿಸಿಬಿಡುತ್ತಾರೆ.

ಹಿಂದಿನ ವರ್ಷ ಒಬ್ಬ ವಿದ್ಯಾರ್ಥಿನಿ ಹಾಗೆಯೇ ಮಾಡಿದಳು. ಬೀಸುವ ಕಲ್ಲಿನ ಹಾಡುಗಳ ಮೇಲೆ ಪ್ರಬಂಧ ಬರೆಯುತ್ತಿದ್ದ ಆಕೆ, ತನ್ನ ಊರಿನ ಹಾಡುಗಾರ್ತಿಯೊಬ್ಬರು ಫೋನಿನಲ್ಲಿ ಹೇಳಿದ ಪಾಠಾಂತರಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳದೆ ನೇರವಾಗಿ ವರ್ಡ್ ಫೈಲಿನಲ್ಲಿಯೇ ಟೈಪು ಮಾಡಿದ್ದಳು. ಮಧ್ಯಾಹ್ನ ಮೇಲಿನ ಸಂದೇಶ ಕಂಡಿತು. ಯಂತ್ರವನ್ನು ರೀಸ್ಟಾರ್ಟ್ ಮಾಡಿದಳು. ಫೈಲಿನ ಹೆಸರೇನೋ ಬದಲಾಯಿತು, ಆದರೆ ಬೆಳಗಿನ ಪಾಠಾಂತರಗಳು ಅದರೊಳಗೆ ಇರಲಿಲ್ಲ. ಆ ಹಾಡುಗಾರ್ತಿ ಅಷ್ಟರಲ್ಲಿ ಕಬ್ಬು ಕಡಿಯುವ ಹಂಗಾಮಿಗೆ ಊರು ಬಿಟ್ಟಿದ್ದರು, ಫೋನು ಹತ್ತಲಿಲ್ಲ. ಹನ್ನೊಂದು ಹಾಡುಗಳು ಪಾಠಾಂತರವಿಲ್ಲದೆಯೇ ಪ್ರಬಂಧದಲ್ಲಿ ಉಳಿದವು.

ಈ ವರ್ಷ ಅದೇ ಸಂದೇಶ ಮತ್ತೊಬ್ಬಳಿಗೆ ಬಂದಾಗ ನಾವಿಬ್ಬರೂ ಕುಳಿತು, ಫೈಲನ್ನು ಹಿಡಿದವರು ಯಾರೆಂದು ಹುಡುಕಿದೆವು. ಆ ಹುಡುಕಾಟದ ವಿವರವೇ ಈ ಲೇಖನ. ಅದಕ್ಕೂ ಮೊದಲು ‘ತೆರೆದಿದೆ’ ಎಂಬ ಮಾತಿನ ಅರ್ಥವನ್ನು ಸ್ವಲ್ಪ ಬಿಡಿಸಿಕೊಳ್ಳಬೇಕು.

ತೆರೆಯುವುದು ಬೇರೆ, ಹಿಡಿಯುವುದು ಬೇರೆ

ನಾವು ‘ಫೈಲು ತೆರೆದಿದೆ’ ಎನ್ನುವಾಗ ನಮ್ಮ ಮನಸ್ಸಿನಲ್ಲಿರುವುದು ಪರದೆಯ ಮೇಲಿನ ಕಿಟಕಿ. ವಿಂಡೋಸ್ ಅದೇ ಮಾತನ್ನು ಆಡುವಾಗ ಕಿಟಕಿಯನ್ನು ಕುರಿತು ಆಡುತ್ತಿರುವುದಿಲ್ಲ. ಯಾವುದೇ ಪ್ರೋಗ್ರಾಮ್ ಒಂದು ಫೈಲನ್ನು ಓದಬೇಕಾದರೂ ಬರೆಯಬೇಕಾದರೂ ಮೊದಲು ವಿಂಡೋಸನ್ನು ಕೇಳಬೇಕು. ವಿಂಡೋಸ್ ಒಪ್ಪಿದರೆ ಆ ಪ್ರೋಗ್ರಾಮ್‌ಗೆ ಒಂದು ಸಂಖ್ಯೆಯನ್ನು ಕೊಡುತ್ತದೆ. ಅದರ ಹೆಸರು ಹ್ಯಾಂಡಲ್. ಕನ್ನಡದಲ್ಲಿ ‘ಹಿಡಿಕೆ’ ಎನ್ನಬಹುದು. ಮುಂದೆ ಆ ಪ್ರೋಗ್ರಾಮ್ ಫೈಲಿನೊಂದಿಗೆ ನಡೆಸುವ ವ್ಯವಹಾರವೆಲ್ಲ ಈ ಹಿಡಿಕೆಯ ಮೂಲಕವೇ. ಕೆಲಸ ಮುಗಿದ ಮೇಲೆ ಪ್ರೋಗ್ರಾಮ್ ಹಿಡಿಕೆಯನ್ನು ಹಿಂತಿರುಗಿಸಬೇಕು. ಹಿಂತಿರುಗಿಸುವವರೆಗೆ, ಪರದೆಯ ಮೇಲೆ ಏನೂ ಕಾಣದಿದ್ದರೂ, ವಿಂಡೋಸ್ ದೃಷ್ಟಿಯಲ್ಲಿ ಆ ಫೈಲು ತೆರೆದೇ ಇರುತ್ತದೆ.

ಈ ವ್ಯತ್ಯಾಸವನ್ನು ನೀವೇ ಪರೀಕ್ಷಿಸಿ ನೋಡಬಹುದು. ಒಂದು ಸಣ್ಣ ಪಠ್ಯ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದಿಟ್ಟು, ಫೋಲ್ಡರಿಗೆ ಹೋಗಿ ಅದರ ಹೆಸರು ಬದಲಿಸಿರಿ. ಬದಲಾಗುತ್ತದೆ. ನೋಟ್‌ಪ್ಯಾಡ್ ಫೈಲನ್ನು ಒಂದೇ ಉಸಿರಿಗೆ ಓದಿಕೊಂಡು ಹಿಡಿಕೆಯನ್ನು ಕೂಡಲೇ ಬಿಟ್ಟುಬಿಡುತ್ತದೆ. ನಿಮ್ಮ ಮುಂದಿರುವುದು ಅದು ಓದಿಕೊಂಡ ನಕಲು ಮಾತ್ರ. ಅದೇ ಪ್ರಯೋಗವನ್ನು ವರ್ಡ್‌ನಲ್ಲಿ ಒಂದು ಡಾಕ್ಯುಮೆಂಟ್ ತೆರೆದಿಟ್ಟು ಮಾಡಿರಿ. ಹೆಸರು ಬದಲಾಗುವುದಿಲ್ಲ. ವರ್ಡ್ ತನ್ನ ಕಿಟಕಿ ಮುಚ್ಚುವವರೆಗೂ ಹಿಡಿಕೆಯನ್ನು ಬಿಡುವುದಿಲ್ಲ. ಮೊದಲನೆಯದರಲ್ಲಿ ಕಿಟಕಿಯಿತ್ತು, ಹಿಡಿತವಿರಲಿಲ್ಲ. ನಮ್ಮನ್ನು ಕಾಡುವುದು ಇದರ ವಿರುದ್ಧದ ಸ್ಥಿತಿ: ಹಿಡಿತವಿದೆ, ಕಣ್ಣಿಗೆ ಕಿಟಕಿ ಕಾಣುತ್ತಿಲ್ಲ.

ಕೇಳುವಾಗಲೇ ಎರಡು ಮಾತು

ಪ್ರೋಗ್ರಾಮ್ ಹಿಡಿಕೆಯನ್ನು ಬೇಡುವಾಗ ಎರಡು ಸಂಗತಿಗಳನ್ನು ಒಟ್ಟಿಗೆ ಹೇಳುತ್ತದೆ. ಮೊದಲನೆಯದು, ತಾನು ಈ ಫೈಲಿನೊಂದಿಗೆ ಏನು ಮಾಡಲಿದ್ದೇನೆ ಎಂಬುದು: ಓದುವುದೇ, ಬರೆಯುವುದೇ, ಅಳಿಸುವುದೇ. ಎರಡನೆಯದು, ತನ್ನ ಕೈಯಲ್ಲಿ ಹಿಡಿಕೆ ಇರುವಷ್ಟು ಹೊತ್ತು ಇತರರು ಏನು ಮಾಡಬಹುದು ಎಂಬುದು: ಇತರರು ಓದಬಹುದೇ, ಬರೆಯಬಹುದೇ, ಅಳಿಸಬಹುದೇ. ಹೊಸದಾಗಿ ಯಾರಾದರೂ ಬಂದು ಅದೇ ಫೈಲನ್ನು ಕೇಳಿದಾಗ ವಿಂಡೋಸ್ ಎರಡೂ ಕಡೆಯಿಂದ ತಾಳೆ ನೋಡುತ್ತದೆ. ಬಂದವನ ಬೇಡಿಕೆಗೆ ಇದ್ದವನ ಒಪ್ಪಿಗೆ ಇದೆಯೇ? ಇದ್ದವನು ಮಾಡುತ್ತಿರುವ ಕೆಲಸಕ್ಕೆ ಬಂದವನ ಒಪ್ಪಿಗೆ ಇದೆಯೇ? ಎರಡರಲ್ಲಿ ಒಂದು ತಪ್ಪಿದರೂ ಬಂದವನಿಗೆ ಹಿಡಿಕೆ ದೊರೆಯುವುದಿಲ್ಲ. ವಿಂಡೋಸ್ ಒಳಗೆ ಈ ನಿರಾಕರಣೆಗೆ 32 ಎಂಬ ದೋಷಸಂಖ್ಯೆ ಇದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಕೆಲಸ ಮಾಡುವಾಗ ಅದೇ ನಿರಾಕರಣೆ ಸ್ವಲ್ಪ ಬೇರೆ ಮಾತಿನಲ್ಲಿ ಕಾಣುತ್ತದೆ:

```
The process cannot access the file because it is
being used by another process.
```

ನಮ್ಮ ಕಡೆಯ ಚಾವಡಿಯನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ತಲಾಠಿ ದಫ್ತರವನ್ನು ಬಿಚ್ಚಿಕೊಂಡು ಹೊಲದ ಫೇರ್‌ಫಾರ್ ನಮೂದು ಮಾಡುತ್ತಿದ್ದಾನೆಂದು ಎಣಿಸಿರಿ. ಪಕ್ಕದಲ್ಲಿ ನಿಂತು ಬಗ್ಗಿ ನೋಡುವವರಿಗೆ ಅವನ ಅಡ್ಡಿಯಿಲ್ಲ. ಅದೇ ಪುಟದ ಮೇಲೆ ತಾವೂ ಬರೆಯುತ್ತೇವೆ ಎಂದರೆ ಒಪ್ಪುವುದಿಲ್ಲ. ದಫ್ತರವನ್ನೇ ಎತ್ತಿಕೊಂಡು ಹೋಗುತ್ತೇವೆ ಎಂದರಂತೂ ಇಲ್ಲವೇ ಇಲ್ಲ. ವರ್ಡ್ ತೆರೆದ ಡಾಕ್ಯುಮೆಂಟಿನ ವಿಷಯದಲ್ಲಿಯೂ ಹೀಗೆಯೇ. ಇತರರು ಓದಬಹುದು, ಬರೆಯಬಾರದು, ಅಳಿಸಬಾರದು.

ಇಲ್ಲಿ ಒಂದು ಸೂಕ್ಷ್ಮವಿದೆ. ಹೆಸರು ಬದಲಿಸುವುದಕ್ಕೂ ವಿಂಡೋಸ್‌ನಲ್ಲಿ ಅಳಿಸುವ ಹಕ್ಕೇ ಬೇಕಾಗುತ್ತದೆ, ಏಕೆಂದರೆ ಹಳೆಯ ಹೆಸರು ಆ ಜಾಗದಿಂದ ಅಳಿಯಬೇಕು. ಹೀಗಾಗಿ ಹೆಸರು ಬದಲಿಸುವುದು, ಅಳಿಸುವುದು, ಕತ್ತರಿಸಿ ಬೇರೆಡೆ ಅಂಟಿಸುವುದು ಈ ಮೂರೂ ಒಟ್ಟಿಗೆ ನಿಲ್ಲುತ್ತವೆ. ನಕಲು ತೆಗೆಯುವುದು ಮಾತ್ರ ನಡೆಯುತ್ತದೆ, ಏಕೆಂದರೆ ನಕಲಿಗೆ ಓದುವ ಹಕ್ಕು ಸಾಕು. ‘ಹೆಸರು ಬದಲಾಗದಿದ್ದರೇನು, ಕಾಪಿ ಆಯಿತಲ್ಲ’ ಎಂದು ಸಮಾಧಾನಪಟ್ಟುಕೊಳ್ಳುವವರು ಇದನ್ನು ಗಮನಿಸಬೇಕು. ಆ ನಕಲಿನಲ್ಲಿ ಬರುವುದು ಡಿಸ್ಕಿನ ಮೇಲೆ ಕೊನೆಯ ಸಲ ಸೇವ್ ಆದ ರೂಪ. ಹಿಡಿದ ಪ್ರೋಗ್ರಾಮ್‌ನ ಬಳಿ ಇನ್ನೂ ಸೇವ್ ಆಗದ ತಿದ್ದುಪಡಿಗಳಿದ್ದರೆ ಅವು ನಕಲಿನಲ್ಲಿ ಇರುವುದಿಲ್ಲ. ನಕಲು ತೆಗೆದು ಅದರಲ್ಲಿಯೇ ಮುಂದುವರಿದರೆ ಒಂದು ಪ್ರಬಂಧ ಎರಡಾಗುತ್ತದೆ, ಎರಡೂ ಅಪೂರ್ಣವಾಗಿರುತ್ತವೆ.

ಈ ವರ್ಷದ ಪ್ರಸಂಗ

ಈ ಸಲ ಬಂದ ವಿದ್ಯಾರ್ಥಿನಿ ಬಿ.ಎ. ಅಂತಿಮ ವರ್ಷದವಳು. ಅವಳ ಫೈಲಿನ ಹೆಸರು prabandha-antima.docx. ಅದು ಇದ್ದದ್ದು D ಡ್ರೈವಿನ Kannada ಎಂಬ ಫೋಲ್ಡರಿನಲ್ಲಿ. ಕೊಠಡಿಯ ಎಲ್ಲ ಖಾತೆಗಳಿಂದಲೂ ಬಳಸಬಹುದಾದ ಜಾಗವದು. ಬೆಳಿಗ್ಗೆ ಕೆಲಸ ಮಾಡಿ ಊಟಕ್ಕೆ ಹೋಗಿ, ಮೂರು ಗಂಟೆಗೆ ಬಂದು ಹೆಸರು ಬದಲಿಸಲು ಹೋದಾಗ ನಿರಾಕರಣೆ.

“ಸರ್, ನಾ ಎಲ್ಲಾ ಬಂದ್ ಮಾಡೇನ್ರಿ. ಆದ್ರೂ ಇನ್ನೊಂದ್ರಾಗ ತೆರದೈತಿ ಅಂತ ಹೇಳಾಕತ್ತೈತ್ರಿ,” ಎಂದಳು.

ಟಾಸ್ಕ್‌ಬಾರ್ ನೋಡಿದೆವು. ವರ್ಡ್ ಇರಲಿಲ್ಲ. Alt ಮತ್ತು Tab ಒತ್ತಿ ಕಿಟಕಿಗಳನ್ನು ಎಣಿಸಿದೆವು. ಫೋಲ್ಡರಿನ ಕಿಟಕಿಯೊಂದೇ. ಆಮೇಲೆ ಆ ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ ವರ್ಡ್‌ನಲ್ಲಿಯೇ ತೆರೆಯಲು ನೋಡಿದೆವು. ಹೀಗೆ ಮಾಡುವುದು ಒಳ್ಳೆಯ ಉಪಾಯ, ಏಕೆಂದರೆ ವರ್ಡ್ ಇಂಥ ವೇಳೆಯಲ್ಲಿ ವಿಂಡೋಸಿಗಿಂತ ಹೆಚ್ಚು ಮಾತನಾಡುತ್ತದೆ. ಈ ಫೈಲು ಇಂಥವರಿಂದ ತಿದ್ದುಪಡಿಗಾಗಿ ಬೀಗ ಹಾಕಲ್ಪಟ್ಟಿದೆ ಎಂದು ಹೇಳಿ, ಓದುವುದಕ್ಕೆ ಮಾತ್ರ ಒಂದು ಪ್ರತಿಯನ್ನು ತೆರೆಯಲೇ ಎಂದು ಕೇಳಿತು. ಬೀಗ ಹಾಕಿದವರ ಹೆಸರು Lab ಎಂದಿತ್ತು.

ಈ ಹೆಸರು ಎಲ್ಲಿಂದ ಬಂತು? ವರ್ಡ್ ಒಂದು ಡಾಕ್ಯುಮೆಂಟ್ ತೆರೆದಾಗ ಅದೇ ಫೋಲ್ಡರಿನಲ್ಲಿ ಒಂದು ಪುಟ್ಟ ಮರೆಯ ಫೈಲನ್ನು ಇಡುತ್ತದೆ. ಹೆಸರು ಬಹಳ ಚಿಕ್ಕದಲ್ಲದಿದ್ದರೆ ಮೊದಲ ಎರಡು ಅಕ್ಷರಗಳ ಜಾಗದಲ್ಲಿ ~$ ಎಂಬ ಗುರುತು ಬರುತ್ತದೆ. ನಮ್ಮ ಫೈಲಿನ ಜೊತೆಗಾರನ ಹೆಸರು ~$abandha-antima.docx. ಅದರೊಳಗೆ ಬರೆದಿರುವುದು ವರ್ಡ್‌ನ ಸೆಟ್ಟಿಂಗಿನಲ್ಲಿರುವ ಬಳಕೆದಾರನ ಹೆಸರು. ಮನೆಯ ಯಂತ್ರದಲ್ಲಿ ಇದು ಉಪಯುಕ್ತ. ನಮ್ಮ ಕೊಠಡಿಯಲ್ಲಿ ಪ್ರತಿಯೊಂದು ಯಂತ್ರದಲ್ಲಿಯೂ ಪ್ರತಿಯೊಂದು ಖಾತೆಯಲ್ಲಿಯೂ Lab ಎಂಬ ಒಂದೇ ಹೆಸರು ತುಂಬಿರುವುದರಿಂದ ಇದರಿಂದ ವ್ಯಕ್ತಿ ತಿಳಿಯಲಿಲ್ಲ. ಆದರೆ ಒಂದು ಸಂಗತಿ ತಿಳಿಯಿತು: ಹಿಡಿದಿರುವುದು ವರ್ಡ್ ಆಗಿರುವ ಸಂಭವ ಹೆಚ್ಚು. ಸಂಭವ ಎನ್ನುವುದಕ್ಕೆ ಕಾರಣವಿದೆ. ವರ್ಡ್ ಅರ್ಧಕ್ಕೇ ನಿಂತುಹೋದರೆ ಈ ಮರೆಯ ಫೈಲು ಅನಾಥವಾಗಿ ಉಳಿದು, ಯಾರೂ ಹಿಡಿಯದ ಡಾಕ್ಯುಮೆಂಟಿಗೂ ಬೀಗವಿದೆ ಎಂಬ ಭ್ರಮೆ ಹುಟ್ಟಿಸಬಲ್ಲದು. ಖಚಿತಪಡಿಸಿಕೊಳ್ಳಲು ಹಿಡಿಕೆಗಳ ಪಟ್ಟಿಯನ್ನೇ ನೋಡಬೇಕು.

ಹಿಡಿಕೆಗಳ ಪಟ್ಟಿ ನೋಡುವ ಬಗೆ

ಆ ಪಟ್ಟಿಯನ್ನು ತೋರಿಸುವ ರಿಸೋರ್ಸ್ ಮಾನಿಟರ್ ಎಂಬ ಸಾಧನ ವಿಂಡೋಸ್ 7ರಿಂದಲೂ ವಿಂಡೋಸ್ ಜೊತೆಗೇ ಬರುತ್ತಿದೆ, ಬೇರೇನನ್ನೂ ಇಳಿಸಿಕೊಳ್ಳಬೇಕಾಗಿಲ್ಲ. ಕೀಲಿಮಣೆಯಲ್ಲಿ ವಿಂಡೋಸ್ ಗುರುತಿನ ಕೀಲಿಯನ್ನೂ R ಅನ್ನೂ ಒಟ್ಟಿಗೆ ಒತ್ತಿದಾಗ ಬರುವ ಚಿಕ್ಕ ಪೆಟ್ಟಿಗೆಯಲ್ಲಿ ಹೀಗೆ ಬರೆದು Enter ಒತ್ತಿರಿ:

```
resmon
```

ತೆರೆದ ಕಿಟಕಿಯ ಮೇಲ್ಭಾಗದಲ್ಲಿ CPU ಎಂಬ ಟ್ಯಾಬ್ ಇದೆ, ಅದನ್ನು ಆರಿಸಿರಿ. ಕೆಳಗೆ Associated Handles ಎಂಬ ಪಟ್ಟಿ ಕಾಣುತ್ತದೆ. ಅದು ಮಡಿಸಿಕೊಂಡಿದ್ದರೆ ಅದರ ಮೇಲೆ ಕ್ಲಿಕ್ ಮಾಡಿ ಬಿಡಿಸಬೇಕು. ಅದರ ಬಲತುದಿಯಲ್ಲಿರುವ Search Handles ಎಂಬ ಜಾಗದಲ್ಲಿ ಫೈಲಿನ ಹೆಸರಿನ ಒಂದು ತುಣುಕನ್ನು ಬರೆಯಬೇಕು. ಪೂರ್ತಿ ಹೆಸರು ಬೇಕಿಲ್ಲ. ನಾವು antima ಎಂದು ಬರೆದೆವು. ಮೊದಲ ಅಕ್ಷರಗಳನ್ನು ಬಿಟ್ಟು ನಡುವಿನ ತುಣುಕನ್ನು ಆರಿಸಿದ್ದಕ್ಕೆ ಕಾರಣ, ಮೇಲೆ ಹೇಳಿದ ~$ ಗುರುತಿನ ಜೊತೆಗಾರ ಫೈಲೂ ಇದೇ ಹುಡುಕಾಟದಲ್ಲಿ ಸಿಗಲಿ ಎಂಬುದು.

ಕೆಲವು ಕ್ಷಣಗಳ ಮೇಲೆ ಎರಡು ಸಾಲುಗಳು ಮೂಡಿದವು. ಎರಡರಲ್ಲಿಯೂ Image ಎಂಬ ಕಾಲಮಿನಲ್ಲಿ WINWORD.EXE, PID ಎಂಬ ಕಾಲಮಿನಲ್ಲಿ 7312, Type ಎಂಬಲ್ಲಿ File ಎಂದಿತ್ತು. Handle Name ಎಂಬ ಕೊನೆಯ ಕಾಲಮಿನಲ್ಲಿ ಒಂದು ಸಾಲಿಗೆ ಡಾಕ್ಯುಮೆಂಟಿನ ದಾರಿ, ಇನ್ನೊಂದಕ್ಕೆ ಜೊತೆಗಾರ ಫೈಲಿನ ದಾರಿ. PID ಎಂಬುದು ಓಡುತ್ತಿರುವ ಪ್ರತಿಯೊಂದು ಪ್ರೋಗ್ರಾಮ್‌ಗೆ ವಿಂಡೋಸ್ ಕೊಡುವ ಕ್ರಮಸಂಖ್ಯೆ. ಪ್ರತಿ ಸಲ ಅದು ಬೇರೆಯಾಗಿರುತ್ತದೆ. ಹೀಗೆ ವರ್ಡ್ ನಿಜವಾಗಿಯೂ ಓಡುತ್ತಿದೆ, ಫೈಲನ್ನು ಹಿಡಿದಿದೆ ಎಂಬುದು ಖಚಿತವಾಯಿತು. ಹಾಗಿದ್ದರೆ ಅದರ ಕಿಟಕಿ ಎಲ್ಲಿ?

ಈ ಪ್ರಶ್ನೆಗೆ ರಿಸೋರ್ಸ್ ಮಾನಿಟರ್ ಉತ್ತರ ಕೊಡುವುದಿಲ್ಲ. Ctrl, Shift, Esc ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಅದರಲ್ಲಿನ Details ಎಂಬ ವಿಭಾಗಕ್ಕೆ ಹೋದೆವು. ಅಲ್ಲಿ 7312 ಸಂಖ್ಯೆಯ ಸಾಲನ್ನು ಹುಡುಕಿ, User name ಎಂಬ ಕಾಲಮನ್ನು ನೋಡಿದೆವು. ನಾವು ಕುಳಿತಿದ್ದದ್ದು Kannada ಎಂಬ ಖಾತೆಯಲ್ಲಿ. ಆ ಸಾಲಿನಲ್ಲಿದ್ದ ಹೆಸರು Student.

ವಿದ್ಯಾರ್ಥಿನಿಗೆ ಆಗ ನೆನಪಾಯಿತು. “ಮುಂಜಾನೆ ನಾ ಸ್ಟೂಡೆಂಟ್‌ದಾಗ ಕುಂತಿದ್ದೆ ಅನಸ್ತೈತ್ರಿ ಸರ್. ಊಟಕ್ಕ ಹೋಗೋ ಮುಂದ ಸ್ಕ್ರೀನ್ ಲಾಕ್ ಮಾಡಿ ಹೋಗಿದ್ದೆ.”

ನಡೆದದ್ದು ಇಷ್ಟು. ಪರದೆಗೆ ಬೀಗ ಹಾಕಿದರೆ ಖಾತೆ ಮುಚ್ಚುವುದಿಲ್ಲ. ಬೀಗದ ಪರದೆಯಲ್ಲಿ ಇನ್ನೊಂದು ಖಾತೆಯನ್ನು ಆರಿಸಿ ಒಳಹೊಕ್ಕರೂ ಮೊದಲನೆಯ ಖಾತೆ ಹಿಂದುಗಡೆ ಹಾಗೆಯೇ ಜೀವಂತವಾಗಿರುತ್ತದೆ. ಅದರ ಪ್ರೋಗ್ರಾಮ್‌ಗಳೂ, ಅವು ಹಿಡಿದ ಹಿಡಿಕೆಗಳೂ ಉಳಿದಿರುತ್ತವೆ. ಆದರೆ ಒಂದು ಖಾತೆಯ ಕಿಟಕಿಗಳು ಇನ್ನೊಂದು ಖಾತೆಯ ಪರದೆಯಲ್ಲಿ ಕಾಣುವುದಿಲ್ಲ. ವಿಂಡೋಸ್ ಪ್ರೋಗ್ರಾಮ್‌ನ ಹೆಸರು ಹೇಳದೆ ‘ಬೇರೊಂದು ಪ್ರೋಗ್ರಾಮ್’ ಎಂದು ತೇಲಿಸಿದ್ದಕ್ಕೂ ಇದೇ ಕಾರಣ. ನಮ್ಮ ಫೋಲ್ಡರಿನ ಕಿಟಕಿಗೆ ಆಚೆಯ ಖಾತೆಯ ವರ್ಡ್‌ನೊಂದಿಗೆ ಮಾತುಕತೆಯಿರಲಿಲ್ಲ.

ಇಲ್ಲಿ ಒಂದು ಮಿತಿಯನ್ನು ಹೇಳಬೇಕು. ಬೇರೆ ಖಾತೆಯ ಹಿಡಿಕೆಗಳು ಕಾಣಬೇಕಾದರೆ ನಿಮ್ಮ ಖಾತೆಗೆ ನಿರ್ವಾಹಕನ ಅಧಿಕಾರವಿರಬೇಕು. Kannada ಖಾತೆಗೆ ಅದು ಇದ್ದುದರಿಂದ ನಮ್ಮ ಕೆಲಸ ಸುಗಮವಾಯಿತು. ಸಾಮಾನ್ಯ ಖಾತೆಯಿಂದ ಹುಡುಕಿ ಏನೂ ಸಿಗದಿದ್ದರೆ ‘ಯಾರೂ ಹಿಡಿದಿಲ್ಲ’ ಎಂಬ ತೀರ್ಮಾನಕ್ಕೆ ಬರಬಾರದು; ‘ನನಗೆ ಕಾಣುವಲ್ಲಿ ಯಾರೂ ಹಿಡಿದಿಲ್ಲ’ ಎಂಬುದಷ್ಟೇ ಸರಿ. ಆಗ ಕೊಠಡಿಯ ಮೇಲ್ವಿಚಾರಕರನ್ನು ಕರೆಯಬೇಕು.

ಬಿಡಿಸುವ ಬಗೆ

ಹಿಡಿದವರು ಯಾರೆಂದು ತಿಳಿದ ಮೇಲೆ ಬಿಡಿಸುವುದಕ್ಕೆ ಒಂದೇ ಸುರಕ್ಷಿತ ದಾರಿ: ಹಿಡಿದ ಪ್ರೋಗ್ರಾಮ್ ತಾನಾಗಿ ಬಿಡುವಂತೆ ಮಾಡುವುದು. ಆಕೆ ಸ್ಟಾರ್ಟ್ ಮೆನುವಿನಲ್ಲಿ ಖಾತೆಯ ಚಿತ್ರದ ಮೇಲೆ ಕ್ಲಿಕ್ ಮಾಡಿ Student ಖಾತೆಗೆ ಹಿಂತಿರುಗಿದಳು. ಅಲ್ಲಿ ವರ್ಡ್ ಬೆಳಿಗ್ಗೆ ಬಿಟ್ಟಂತೆಯೇ ಕುಳಿತಿತ್ತು. ಉಪಸಂಹಾರದ ಎರಡು ಪುಟಗಳೂ ಪದಕೋಶದ ತಿದ್ದುಪಡಿಯೂ ಸೇವ್ ಆಗಿರಲಿಲ್ಲ. ಸೇವ್ ಮಾಡಿ, ವರ್ಡ್ ಮುಚ್ಚಿ, ಆ ಖಾತೆಯಿಂದ ಸೈನ್ ಔಟ್ ಮಾಡಿ ಈಚೆಗೆ ಬಂದಳು. ಹೆಸರು ಮೊದಲ ಯತ್ನಕ್ಕೇ ಬದಲಾಯಿತು.

ಹಿಂದಿನ ವರ್ಷದ ಪ್ರಸಂಗವೂ ಇದೇ ಎಂಬುದು ನನಗೆ ಆಗ ಹೊಳೆಯಿತು. ಆ ವಿದ್ಯಾರ್ಥಿನಿ ರೀಸ್ಟಾರ್ಟ್ ಒತ್ತಿದಾಗ ವಿಂಡೋಸ್ ಅವಳಿಗೆ ಒಂದು ಎಚ್ಚರಿಕೆ ಕೊಟ್ಟಿತ್ತು:

```
Someone else is still using this PC. If you restart
now, they could lose unsaved work.
```

ಇನ್ನೊಬ್ಬರು ಈ ಯಂತ್ರವನ್ನು ಬಳಸುತ್ತಿದ್ದಾರೆ, ಅವರ ಸೇವ್ ಆಗದ ಕೆಲಸ ಹೋಗಬಹುದು ಎಂಬ ಎಚ್ಚರಿಕೆಯದು. ಆ ‘ಇನ್ನೊಬ್ಬರು’ ತಾನೇ ಎಂದು ಅವಳಿಗೆ ಹೇಗೆ ತಿಳಿಯಬೇಕು? ಯಾರೋ ಬೇರೆ ತರಗತಿಯವರು ಬಿಟ್ಟುಹೋಗಿರಬೇಕೆಂದು Restart anyway ಒತ್ತಿಬಿಟ್ಟಳು. ಫೈಲನ್ನು ಹಿಡಿದಿದ್ದ ಕೈಯಲ್ಲಿಯೇ ಅವಳ ಹನ್ನೊಂದು ಹಾಡುಗಳ ಪಾಠಾಂತರವಿತ್ತು. ಕೈ ಬಿಡಿಸಿದಾಗ ಅದೂ ಹೋಯಿತು.

ಈ ತಪ್ಪು ನಡೆದುಹೋದ ಮೇಲೂ ಒಂದು ಆಸೆ ಉಳಿದಿರುತ್ತದೆ. ವರ್ಡ್ ತಾನಾಗಿ ಹತ್ತು ನಿಮಿಷಕ್ಕೊಮ್ಮೆ ಒಂದು ಆಪತ್ಕಾಲದ ಪ್ರತಿಯನ್ನು ಇಟ್ಟುಕೊಳ್ಳುತ್ತಿರುತ್ತದೆ. ಯಾರೂ ಬದಲಿಸದಿದ್ದರೆ ಅಂತರ ಹತ್ತು ನಿಮಿಷ. ಆದರೆ ಆ ಪ್ರತಿ ಇರುವುದು ಕೆಲಸ ಮಾಡಿದ ಖಾತೆಯ ಸ್ವಂತ ಫೋಲ್ಡರಿನಲ್ಲಿ. ಬೇರೆ ಖಾತೆಯಿಂದ ವರ್ಡ್ ತೆರೆದರೆ ಅದು ಕಾಣುವುದಿಲ್ಲ. ಆದ್ದರಿಂದ ಯಂತ್ರ ಮತ್ತೆ ಶುರುವಾದೊಡನೆ ಕೆಲಸ ಮಾಡಿದ ಅದೇ ಖಾತೆಗೆ ಹೋಗಿ ವರ್ಡ್ ತೆರೆದು, ಎಡಬದಿಯಲ್ಲಿ Document Recovery ಎಂಬ ಪಟ್ಟಿ ಬರುವುದೇ ಎಂದು ನೋಡಬೇಕು. ಹಿಂದಿನ ವರ್ಷ ನಮಗಿದು ಹೊಳೆಯುವಷ್ಟರಲ್ಲಿ ಆ ಖಾತೆಯನ್ನೇ ಅಳಿಸಿ ಹೊಸದಾಗಿ ರಚಿಸಲಾಗಿತ್ತು.

ಒತ್ತಾಯದ ಇನ್ನೆರಡು ದಾರಿಗಳ ಬಗ್ಗೆಯೂ ಎಚ್ಚರವಿರಲಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಆ ಸಾಲನ್ನು ಆರಿಸಿ End task ಒತ್ತಿದರೆ ಪ್ರೋಗ್ರಾಮ್ ನಿಲ್ಲುತ್ತದೆ, ಹಿಡಿಕೆಗಳೆಲ್ಲ ಬಿಡುಗಡೆಯಾಗುತ್ತವೆ, ಸೇವ್ ಆಗದ್ದೆಲ್ಲ ಹೋಗುತ್ತದೆ. ಅದರೊಳಗೆ ಉಳಿಸಬೇಕಾದದ್ದು ಏನೂ ಇಲ್ಲವೆಂದು ಖಚಿತವಾದಾಗ ಮಾತ್ರ ಇದು ಯೋಗ್ಯ. ಎರಡನೆಯದು, ಪ್ರೋಗ್ರಾಮ್ ಓಡುತ್ತಿರುವಾಗಲೇ ಅದರ ಕೈಯಿಂದ ಹಿಡಿಕೆಯೊಂದನ್ನು ಮಾತ್ರ ಕಿತ್ತುಕೊಳ್ಳುವುದು. ಮೈಕ್ರೋಸಾಫ್ಟ್‌ನವರ ಪ್ರೊಸೆಸ್ ಎಕ್ಸ್‌ಪ್ಲೋರರ್ ಎಂಬ ಉಚಿತ ಸಾಧನದಲ್ಲಿ ಇದಕ್ಕೆ ಅವಕಾಶವಿದೆ. ಇದು ಹೆಚ್ಚು ಅಪಾಯದ್ದು. ಹಿಡಿಕೆ ಹೋದದ್ದು ಆ ಪ್ರೋಗ್ರಾಮ್‌ಗೆ ತಿಳಿದಿರುವುದಿಲ್ಲ. ಮುಂದೆ ಅದೇ ಸಂಖ್ಯೆ ಅದೇ ಪ್ರೋಗ್ರಾಮ್ ತೆರೆಯುವ ಮತ್ತೊಂದು ಫೈಲಿಗೆ ಸಿಗಬಹುದು. ಆಗ ಒಂದಕ್ಕೆ ಬರೆಯಬೇಕಾದದ್ದನ್ನು ಅದು ಇನ್ನೊಂದರೊಳಗೆ ಬರೆದುಬಿಡಬಹುದು. ಆ ಸಾಧನವನ್ನು ಹುಡುಕುವುದಕ್ಕೆ ಬಳಸಿರಿ, ಕೀಳುವುದಕ್ಕೆ ಬೇಡ.

ಕಿಟಕಿಯಿಲ್ಲದೆ ಹಿಡಿಯುವ ಇತರರು

ಬೇರೆ ಖಾತೆಯಲ್ಲದೆ ಇನ್ನೂ ಮೂವರು ನಮ್ಮ ಕೊಠಡಿಯಲ್ಲಿ ಆಗಾಗ ಸಿಕ್ಕಿಬೀಳುತ್ತಾರೆ.

ಮೊದಲನೆಯದು ಫೋಲ್ಡರಿನ ಬಲಬದಿಯಲ್ಲಿ ಫೈಲಿನ ಒಳಗನ್ನು ತೋರಿಸುವ ಮುನ್ನೋಟ. ನೀವು ಯಾವ ಫೈಲನ್ನು ಅಳಿಸಬೇಕೆಂದು ಆರಿಸುತ್ತೀರೋ ಅದನ್ನೇ ಅದು ತೋರಿಸಲು ಹಿಡಿದುಕೊಳ್ಳುತ್ತದೆ. ಹುಡುಕಾಟದಲ್ಲಿ prevhost.exe ಎಂದು ಬಂದರೆ ಇದೇ. Alt ಮತ್ತು P ಒತ್ತಿದರೆ ಮುನ್ನೋಟ ಮುಚ್ಚುತ್ತದೆ, ಫೈಲು ಬಿಡುಗಡೆಯಾಗುತ್ತದೆ.

ಎರಡನೆಯದು ಕಮಾಂಡ್ ಪ್ರಾಂಪ್ಟ್. ಇದು ಫೈಲನ್ನಲ್ಲ, ಫೋಲ್ಡರನ್ನು ಹಿಡಿಯುತ್ತದೆ. ಆ ಕಪ್ಪು ಕಿಟಕಿ ಯಾವ ಫೋಲ್ಡರಿನೊಳಗೆ ನಿಂತಿದೆಯೋ ಆ ಫೋಲ್ಡರಿನ ಹಿಡಿಕೆ ಅದರ ಕೈಯಲ್ಲಿರುತ್ತದೆ. ಒಳಗಿನ ಒಂದು ಫೈಲೂ ತೆರೆದಿಲ್ಲದಿದ್ದರೂ ಫೋಲ್ಡರಿನ ಹೆಸರು ಬದಲಾಗದು. ಹುಡುಕಾಟದಲ್ಲಿ cmd.exe ಎಂದು ಬರುತ್ತದೆ. ಆ ಕಿಟಕಿಯನ್ನು ಮುಚ್ಚಿದರೆ ಸಾಕು.

ಮೂರನೆಯದು ಜಾಲದ ಮೂಲಕ ಬರುವವರು. ಫೈಲು ಇರುವುದು ನಿಮ್ಮ ಯಂತ್ರದಲ್ಲಿ, ಅದನ್ನು ತೆರೆದವರು ಪಕ್ಕದ ಯಂತ್ರದಲ್ಲಿ. ಆಗ ರಿಸೋರ್ಸ್ ಮಾನಿಟರ್ ತೋರಿಸುವುದು System ಎಂಬ ಹೆಸರನ್ನು, 4 ಎಂಬ ಸಂಖ್ಯೆಯನ್ನು. ಅದನ್ನು ನಿಲ್ಲಿಸಲು ಹೋಗಬಾರದು. ಅದು ವಿಂಡೋಸಿನ ತಿರುಳು, ಪಕ್ಕದವರ ಪರವಾಗಿ ಫೈಲನ್ನು ಹಿಡಿದು ನಿಂತಿದೆ. ಫೈಲಿರುವ ಯಂತ್ರದಲ್ಲಿ ನಿರ್ವಾಹಕನ ಅಧಿಕಾರದಿಂದ ಹೀಗೆ ಬರೆದರೆ, ಹೊರಗಿನಿಂದ ತೆರೆಯಲ್ಪಟ್ಟ ಫೈಲುಗಳೂ ತೆರೆದವರ ಖಾತೆಯ ಹೆಸರೂ Open Files ಎಂಬ ವಿಭಾಗದಲ್ಲಿ ಸಿಗುತ್ತವೆ:

```
fsmgmt.msc
```

ಆ ಹೆಸರನ್ನು ಹಿಡಿದು, ಎದ್ದು ಹೋಗಿ, ಪಕ್ಕದ ಯಂತ್ರದ ಮುಂದಿರುವವರಿಗೆ ‘ಸೇವ್ ಮಾಡಿ ಮುಚ್ಚು’ ಎಂದು ಹೇಳುವುದೇ ಸರಿಯಾದ ಪರಿಹಾರ.

ಎಷ್ಟು ಹುಡುಕಿದರೂ ಹಿಡಿದವರು ಸಿಗದಿದ್ದರೆ, ಎಲ್ಲ ಖಾತೆಗಳ ಕೆಲಸವನ್ನೂ ಸೇವ್ ಮಾಡಿದ ಮೇಲೆ ಯಂತ್ರವನ್ನು ಪುನಃ ಆರಂಭಿಸಬಹುದು. ಆಗ Restart ಆರಿಸಿರಿ, Shut down ಬೇಡ. ವಿಂಡೋಸ್ 8ರಿಂದೀಚೆಗೆ ಬಹುತೇಕ ಯಂತ್ರಗಳಲ್ಲಿ Shut down ಎಂದರೆ ವಿಂಡೋಸಿನ ತಿರುಳು ಪೂರ್ತಿ ಆರುವುದಿಲ್ಲ. ಅದರ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮರುದಿನ ಅಲ್ಲಿಂದಲೇ ಎಬ್ಬಿಸಲಾಗುತ್ತದೆ. ಹಿನ್ನೆಲೆಯಲ್ಲಿ ಓಡುವ ಸೇವೆಯೊಂದು ಫೈಲನ್ನು ಹಿಡಿದಿದ್ದರೆ ಮರುದಿನವೂ ಅದು ಹಿಡಿದೇ ಇರಬಹುದು. Restart ಮಾತ್ರ ಎಲ್ಲವನ್ನೂ ಮೊದಲಿನಿಂದ ಶುರು ಮಾಡುತ್ತದೆ.

ಈ ವಾರ ಪ್ರಬಂಧಗಳನ್ನು ಒಪ್ಪಿಸುವವರು ಕೊಠಡಿಯಿಂದ ಊಟಕ್ಕೆ ಏಳುವ ಮುನ್ನ Ctrl ಮತ್ತು S ಒತ್ತಿರಿ. ಪರದೆಗೆ ಬೀಗ ಹಾಕಿ ಹೋಗದೆ ಸೈನ್ ಔಟ್ ಮಾಡಿರಿ. ಬೆಳಿಗ್ಗೆ ಕುಳಿತ ಖಾತೆಯ ಹೆಸರನ್ನು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದಿಟ್ಟುಕೊಳ್ಳಿರಿ. ಹಾಡುಗಾರ್ತಿಯರು ಹೇಳಿದ ಪಾಠಾಂತರಗಳನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಮೇಲೆಯೇ ಟೈಪು ಮಾಡಲು ಕೂಡಿರಿ.